ಜರ್ಮನಿಯಲ್ಲಿರುವ ಗೆಳೆಯನಿಗೆ ಬಳ್ಳಾರಿ ಮನೆಯ ಕರೆಂಟ್ ಬಿಲ್ ಬಗ್ಗೆ ಬರೆದ ಪತ್ರ: ಕಳಿಸುವ ಮೊದಲು ಒಮ್ಮೆ ನೋಡಿ

ಬಳ್ಳಾರಿ_ಬಸವ

ಎಲ್ಲರಿಗೂ ನಮಸ್ಕಾರ. ನನ್ನ ಬಾಲ್ಯದ ಗೆಳೆಯ ವೀರೇಶ ಜರ್ಮನಿಯಲ್ಲಿದ್ದಾನೆ. ಅವನ ಅಪ್ಪ ಅವ್ವ ಇಬ್ಬರೇ ಇಲ್ಲಿ ಬಳ್ಳಾರಿಯ ಮನೆಯಲ್ಲಿದ್ದಾರೆ. 2025ರ ಜೂನ್ ತಿಂಗಳ ಬಿಲ್ ಕೈಗೆ ಬಂದಾಗ ಕಾಕಾ ಗಾಬರಿಯಾಗಿ ಅದರ ಫೋಟೊ ತೆಗೆದು ಮಗನಿಗೆ ಕಳಿಸಿದರು. ಅವನು ಅದನ್ನೇ ನನಗೆ ಕಳಿಸಿ ಮೂರು ಪ್ರಶ್ನೆ ಕೇಳಿದ್ದಾನೆ. ಇಷ್ಟು ದಿನ ಸೊನ್ನೆ ಬರುತ್ತಿದ್ದ ಬಿಲ್ ಒಮ್ಮೆಲೇ 1,906 ಯಾಕಾಯಿತು? ಸ್ಲ್ಯಾಬ್ ಎಲ್ಲಿ ಹೋಯಿತು? ಬಳಸಿದ ಕರೆಂಟಿಗೆ ದುಡ್ಡು ತಗೊಂಡ ಮೇಲೆ ಮತ್ತೆ ಈ 435 ರೂಪಾಯಿ ಯಾತಕ್ಕೆ?

ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತಾನೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಪತ್ರ ಕೆಳಗಿದೆ. ಬಿಲ್ಲಿನ ಕಾಗದ ಮಡಚಿರುವುದರಿಂದ ಫೋಟೊದಲ್ಲಿ ಒಂದು ಸಾಲು ಕಾಣುತ್ತಿಲ್ಲ. ಅದು ಏನಿರಬಹುದು ಅಂತ ಗೊತ್ತಿದ್ದವರು ಹೇಳಿ.

*ವೀರೇಶ,*

*ಬಿಲ್ ನೋಡಿದೆ. ಮೊದಲು ಮೀಟರಿನ ಲೆಕ್ಕ ತಗೋ. ಹಿಂದಿನ ಮಾಪನ 8412, ಇಂದಿನ ಮಾಪನ 8626. ಕಳೆದರೆ 214. ಅಂದರೆ ಎರಡು ರೀಡಿಂಗಿನ ನಡುವೆ ನಿಮ್ಮ ಮನೆಯಲ್ಲಿ 214 ಯುನಿಟ್ ಖರ್ಚಾಗಿದೆ. ಮೀಟರಿನ ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತಿರುತ್ತವೆ. ಪಕ್ಕದಲ್ಲಿ kWh ಅಂತ ಬಂದಾಗ ಕಾಣುವ ಅಂಕಿಯೇ ಇದು. ಕಾಕಾ ಹೋಗಿ ನೋಡಿದ್ದಾರೆ. ಮೀಟರ್ ಈಗ ಇದಕ್ಕಿಂತ ಸ್ವಲ್ಪ ಮುಂದೆ ಇದೆ, ಹಾಗಾಗಿ ರೀಡಿಂಗ್ ತಪ್ಪು ಬರೆದಿಲ್ಲ.*

*ಈಗ ಸ್ಲ್ಯಾಬ್. ನೀನು ಊರು ಬಿಟ್ಟಾಗ ಮೊದಲ ಕೆಲವು ಯುನಿಟ್ ಅಗ್ಗ, ಮುಂದಿನವು ಸ್ವಲ್ಪ ತುಟ್ಟಿ, ಅದರಾಚೆಗೆ ಇನ್ನೂ ತುಟ್ಟಿ ಅಂತ ಮೆಟ್ಟಿಲು ಮೆಟ್ಟಿಲಾಗಿ ದರ ಇತ್ತು. ಆ ಪದ್ಧತಿ ಈಗ ಇಲ್ಲ. 2024ರ ಏಪ್ರಿಲ್‌ನಿಂದ ಮನೆಗಳಿಗೆ ಒಂದೇ ದರ. ಆ ವರ್ಷ ಯುನಿಟ್‌ಗೆ 5 ರೂಪಾಯಿ 90 ಪೈಸೆ ಇತ್ತು, 2025ರ ಏಪ್ರಿಲ್‌ನಿಂದ 5 ರೂಪಾಯಿ 80 ಪೈಸೆ. ಹತ್ತನೇ ಯುನಿಟ್‌ಗೂ ಇನ್ನೂರನೇ ಯುನಿಟ್‌ಗೂ ಅಷ್ಟೇ. 214ನ್ನು 5.80ರಿಂದ ಗುಣಿಸಿದರೆ 1,241 ರೂಪಾಯಿ 20 ಪೈಸೆ. ಬಿಲ್ಲಿನಲ್ಲಿ 'ವಿದ್ಯುತ್ ಶುಲ್ಕ' ಅಂತ ಇರುವುದು ಇದೇ.*

*435 ರೂಪಾಯಿಯದು 'ನಿಗದಿತ ಶುಲ್ಕ'. ನೀನು ಎಷ್ಟು ಬಳಸಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮನೆ ಕಟ್ಟಿಸಿ ಕರೆಂಟ್ ತಗೊಳ್ಳುವಾಗ ಕಾಕಾ 3 ಕಿಲೋವ್ಯಾಟ್ ಲೋಡ್ ಬರೆಸಿದ್ದರು. ಬಿಲ್ಲಿನ ಮೇಲ್ಭಾಗದಲ್ಲಿ 'ಮಂಜೂರಾದ ಲೋಡ್ 3' ಅಂತ ಇದೆ ನೋಡು. ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ, ಮೂರಕ್ಕೆ 435. ಮನೆಗೆ ಬೀಗ ಹಾಕಿ ಮೂರು ತಿಂಗಳು ನಿನ್ನ ಹತ್ತಿರ ಬಂದು ಇದ್ದರೂ ಈ ಸಾಲು ಬಿಲ್ಲಿನಲ್ಲಿ ಇರುತ್ತದೆ. ನಿಮ್ಮಲ್ಲೂ ಬಳಕೆಯ ದರದ ಜೊತೆ ತಿಂಗಳಿಗೆ ಇಂತಿಷ್ಟು ಅಂತ ಒಂದು ಮೂಲ ಶುಲ್ಕ ಕಟ್ಟುತ್ತೀರಲ್ಲ, ಅಂಥದ್ದೇ ಇದು. ವ್ಯತ್ಯಾಸ ಏನೆಂದರೆ, ಇಲ್ಲಿ ಅದು ಬರೆಸಿದ ಲೋಡಿನ ಮೇಲೆ ಹೆಚ್ಚು ಕಡಿಮೆ ಆಗುತ್ತದೆ.*

*ಉಳಿದವು ಸಣ್ಣವು. ವಿದ್ಯುತ್ ಶುಲ್ಕದ ಮೇಲೆ ಸರ್ಕಾರದ ತೆರಿಗೆ 9 ಶೇಕಡಾ, ಅದು 111 ರೂಪಾಯಿ 71 ಪೈಸೆ. ನಿಗದಿತ ಶುಲ್ಕದ ಮೇಲೆ ಈ ತೆರಿಗೆ ಹಾಕಿಲ್ಲ. ಆಮೇಲೆ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಅಂತ ಯುನಿಟ್‌ಗೆ 36 ಪೈಸೆ, 2025ರ ಏಪ್ರಿಲ್‌ನಿಂದ ಬಂದಿದೆ. ಅದು 77 ರೂಪಾಯಿ 4 ಪೈಸೆ. ಎಲ್ಲಾ ಕೂಡಿಸಿದರೆ 1,864 ರೂಪಾಯಿ 95 ಪೈಸೆ ಆಗುತ್ತದೆ. ಬಿಲ್ 1,906. ನಡುವಿನ 41 ರೂಪಾಯಿ ಚಿಲ್ಲರೆ ಕಾಗದದ ಮಡಿಕೆಯಲ್ಲಿ ಅಡಗಿದೆ.*

*ಸೊನ್ನೆ ಬಿಲ್ ಯಾಕೆ ಬರಲಿಲ್ಲ ಅಂದರೆ ಗೃಹಜ್ಯೋತಿ 200 ಯುನಿಟ್‌ವರೆಗೆ ಮಾತ್ರ. ಒಂದು ತಿಂಗಳಲ್ಲಿ 200 ದಾಟಿದರೆ ಮೊದಲ ಯುನಿಟ್‌ನಿಂದ ಪೂರ್ತಿ ದುಡ್ಡು ನಾವೇ ಕಟ್ಟಬೇಕು. ನೀನು ಏಪ್ರಿಲ್‌ನಲ್ಲಿ ಕಾಕಾರಿಗೆ ಎಸಿ ಹಾಕಿಸಿಕೊಟ್ಟೆಯಲ್ಲ, ಮೇ ತಿಂಗಳ ಬಿಸಿಲಿಗೆ ಅದು ಓಡಿದೆ. ಒಳ್ಳೆಯದೇ ಆಯಿತು, ಈ ವಯಸ್ಸಿನಲ್ಲಿ ಅವರು ಆ ಸೆಕೆಯಲ್ಲಿ ನರಳುವುದು ಬೇಡ. ಬಿಲ್ ಮಾತ್ರ ಅದರದು.*

ಇಷ್ಟು ಬರೆದಿದ್ದೇನೆ. ಏನಾದರೂ ಬಿಟ್ಟಿದ್ದರೆ ಹೇಳಿ.

ಹೊಸಪೇಟೆ_ಹುಲಿಗೆಪ್ಪ

ಬಸವಣ್ಣ, ಸ್ಲ್ಯಾಬ್ ಇಲ್ಲ ಅಂತ ಹೇಗೆ ಬರೆದಿರಿ? ನಮ್ಮ ಮನೆ ಬಿಲ್ ನನಗೆ ಚೆನ್ನಾಗಿ ನೆನಪಿದೆ. 100 ಯುನಿಟ್‌ವರೆಗೆ 4 ರೂಪಾಯಿ 75 ಪೈಸೆ, ಅದರ ಮೇಲೆ 7 ರೂಪಾಯಿ. ಆ ಲೆಕ್ಕದಲ್ಲಿ ನಿಮ್ಮ ಗೆಳೆಯನ ಬಿಲ್ ಮೊದಲ ನೂರಕ್ಕೆ 475, ಉಳಿದ 114ಕ್ಕೆ 798, ಒಟ್ಟು 1,273 ಆಗಬೇಕು. ಎಸಿ ಹಾಕಿದ್ದಕ್ಕೆ ಫಿಕ್ಸೆಡ್ ಚಾರ್ಜನ್ನೂ ಏರಿಸಿದ್ದಾರೆ ಅನ್ನಿಸುತ್ತದೆ. ಈ ಬಿಲ್ ಹಿಡಿದು ಆಫೀಸಿಗೆ ಹೋಗಿ ಕೇಳಲೇಬೇಕು.

ಲೆಕ್ಕದ_ಮೇಜು

ಹುಲಿಗೆಪ್ಪನವರೇ, ನೀವು ಹೇಳಿದ ದರ ಇದ್ದದ್ದು ನಿಜ. ಅದು 2023-24ರ ದರ. ರಾಜ್ಯದಲ್ಲಿ ಕರೆಂಟ್ ದರ ನಿಗದಿ ಮಾಡುವ ಆಯೋಗ ಕೆಇಆರ್‌ಸಿ 2023ರ ಮೇ ತಿಂಗಳಲ್ಲಿ ಆದೇಶ ಹೊರಡಿಸಿ ಏಪ್ರಿಲ್‌ನಿಂದಲೇ ಜಾರಿ ಅಂದಿತ್ತು. ಏಪ್ರಿಲ್‌ನ ಬಾಕಿಯನ್ನೂ ಸೇರಿಸಿ ಜೂನ್‌ನಲ್ಲಿ ಬಿಲ್ ಬಂದಾಗ ಊರೂರಲ್ಲಿ ಗಲಾಟೆ ಆಗಿತ್ತು. ನಾನು ಆಗ ಬಿಲ್ಲಿಂಗ್ ವಿಭಾಗದಲ್ಲೇ ಇದ್ದೆ, ಈಗ ನಿವೃತ್ತ.

ಆದರೆ ನೀವು ಲೆಕ್ಕ ಹಾಕಿದ ರೀತಿ ಆ ವರ್ಷವೂ ಇರಲಿಲ್ಲ. 100 ಯುನಿಟ್ ಒಳಗಿದ್ದರೆ ಎಲ್ಲಾ ಯುನಿಟ್‌ಗೂ 4.75. ನೂರು ದಾಟಿದ ಕೂಡಲೇ ಎಲ್ಲಾ ಯುನಿಟ್‌ಗೂ 7, ಮೊದಲ ಯುನಿಟ್‌ನಿಂದಲೇ. 100 ಯುನಿಟ್ ಸುಟ್ಟ ಮನೆಗೆ 475 ರೂಪಾಯಿ ಬಂದರೆ 101 ಸುಟ್ಟ ಮನೆಗೆ 707 ಬರುತ್ತಿತ್ತು. ಒಂದು ಯುನಿಟ್‌ಗೆ 232 ರೂಪಾಯಿ! ಜನ ಕೌಂಟರಿಗೆ ಬಂದು ಇದು ಯಾವ ನ್ಯಾಯ ಅಂತ ಕೇಳುತ್ತಿದ್ದರು. ಆ ಮನೆಗಳ ಯಜಮಾನರಿಗೆ ಉತ್ತರ ಕೊಡುವುದು ನನಗೆ ಬಹಳ ಕಷ್ಟ ಆಗುತ್ತಿತ್ತು. ಅದೇ ದರ ಇವತ್ತು ಇದ್ದಿದ್ದರೆ ವೀರೇಶನ ಮನೆಗೆ 214 ಗುಣಿಸು 7, ಅಂದರೆ 1,498 ರೂಪಾಯಿ ಬರುತ್ತಿತ್ತು. ಈಗ 1,241. ಹಾಗಾಗಿ ಇದರಲ್ಲಿ ಮೋಸ ಇಲ್ಲ.

ಫಿಕ್ಸೆಡ್ ಚಾರ್ಜ್ ಏರಿದ್ದು ನಿಜ, ಆದರೆ ಎಸಿಯಿಂದ ಅಲ್ಲ. 2023-24ರಲ್ಲಿ ಕಿಲೋವ್ಯಾಟಿಗೆ 110 ಇತ್ತು. ಮುಂದಿನ ವರ್ಷ 120, 2025ರ ಏಪ್ರಿಲ್‌ನಿಂದ 145. ಬರೆಸಿದ ಲೋಡ್ ಅಂದೂ 3, ಇಂದೂ 3. ಯುನಿಟ್‌ಗೆ 10 ಪೈಸೆ ಇಳಿಸಿ ಲೋಡಿಗೆ 25 ರೂಪಾಯಿ ಏರಿಸಿದರು, ಅಷ್ಟೇ. ಸೊನ್ನೆ ಬಿಲ್ ಬರುವ ತಿಂಗಳುಗಳಲ್ಲಿ ಈ ನಿಗದಿತ ಶುಲ್ಕವನ್ನೂ ಸರ್ಕಾರವೇ ತುಂಬುತ್ತದೆ. ಅದಕ್ಕೇ ಬಹಳ ಮನೆಯವರಿಗೆ ಈ ಸಾಲು ಏರಿದ್ದು ಕಣ್ಣಿಗೇ ಬಿದ್ದಿಲ್ಲ. 200 ದಾಟಿದ ತಿಂಗಳು ಒಮ್ಮೆಲೇ ಕಾಣುತ್ತದೆ.

ಶಕ್ತಿನಗರ_ರಾಯಚೂರು

ಎಲ್ಲಾ ಸರಿ ಸರ್. ಆದರೆ ನಮ್ಮ ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ರಾಜ್ಯಕ್ಕೆಲ್ಲ ಕರೆಂಟ್ ಕೊಡುತ್ತಿದ್ದೇವೆ. ಬಳ್ಳಾರಿ ಪಕ್ಕದ ಕುಡತಿನಿಯಲ್ಲೂ ಅಷ್ಟೇ ದೊಡ್ಡ ಸ್ಥಾವರ ಇದೆ. ಬೂದಿ ನಮ್ಮ ಮಾಳಿಗೆ ಮೇಲೆ ಬೀಳುತ್ತದೆ. ಬಿಸಿಲಂತೂ ಹೇಳುವುದೇ ಬೇಡ, ಮೇ ತಿಂಗಳಲ್ಲಿ ಕೂಲರ್ ಇಲ್ಲದೆ ಮಕ್ಕಳು ಮಲಗುವುದಿಲ್ಲ. ಮಲೆನಾಡಿನ ಮನೆಗೂ ನಮ್ಮ ಮನೆಗೂ ಅದೇ 200 ಯುನಿಟ್ ಗಡಿ ಅಂದರೆ ಹೇಗೆ? ನಮ್ಮ ಜಿಲ್ಲೆಗಳಿಗೆ ಬೇಸಿಗೆಯ ಎರಡು ತಿಂಗಳಾದರೂ ಬೇರೆ ಗಡಿ ಇರಬೇಕು. ಅದರ ಮೇಲೆ ಫಿಕ್ಸೆಡ್ ಚಾರ್ಜ್ ಬೇರೆ. ಬಳಸದೇ ಇದ್ದರೂ ಯಾಕೆ ಕಟ್ಟಬೇಕು?

ಲೆಕ್ಕದ_ಮೇಜು

ಬೇಸಿಗೆ ಗಡಿಯ ಬಗ್ಗೆ ನನ್ನ ಮನಸ್ಸೂ ನಿಮ್ಮ ಕಡೆಗೇ ಇದೆ. ಅದನ್ನು ತೀರ್ಮಾನ ಮಾಡುವವರು ಸರ್ಕಾರದವರು.

ಫಿಕ್ಸೆಡ್ ಚಾರ್ಜ್ ಯಾಕೆ ಅನ್ನುವುದಕ್ಕೆ ಉತ್ತರ ನಿಮ್ಮ ಶಕ್ತಿನಗರದಲ್ಲೇ ಇದೆ. ವಿದ್ಯುತ್ ಹಂಚುವ ಕಂಪನಿ ಆ ಸ್ಥಾವರಕ್ಕೆ ಎರಡು ತರಹ ದುಡ್ಡು ಕೊಡುತ್ತದೆ. ಒಂದು, ತಗೊಂಡ ಪ್ರತಿ ಯುನಿಟ್‌ಗೆ ಕಲ್ಲಿದ್ದಲಿನ ಖರ್ಚು. ಇನ್ನೊಂದು, ಸ್ಥಾವರ ಬೇಕೆಂದಾಗ ಓಡಲು ಸಿದ್ಧವಾಗಿ ನಿಂತಿರುವುದಕ್ಕೆ. ಮಳೆಗಾಲದಲ್ಲಿ ಶರಾವತಿ ಕರೆಂಟ್ ಸಾಕಷ್ಟು ಸಿಕ್ಕಿ ಶಕ್ತಿನಗರದ ಘಟಕ ನಿಲ್ಲಿಸಿದರೂ ಎರಡನೇ ದುಡ್ಡು ಕೊಡಲೇಬೇಕು. ಅದರ ಸಾಲ ಇದೆ, ಸಂಬಳ ಇದೆ. ಓಣಿಯ ಟ್ರಾನ್ಸ್‌ಫಾರ್ಮರ್, ಕಂಬ, ತಂತಿ ಕೂಡ ಹಾಗೇ. ನೀವು 3 ಕಿಲೋವ್ಯಾಟ್ ಬರೆಸಿದ್ದೀರಿ ಅಂದರೆ, ಯಾವ ಹೊತ್ತಿಗೆ ಸ್ವಿಚ್ ಹಾಕಿದರೂ 3 ಕಿಲೋವ್ಯಾಟ್ ಕೊಡಲು ಅವರು ಸಜ್ಜಾಗಿರಬೇಕು. ಆ ಸಜ್ಜಿನ ಖರ್ಚಿನಲ್ಲಿ ಒಂದು ಪಾಲು ನಿಗದಿತ ಶುಲ್ಕವಾಗಿ ಬರುತ್ತದೆ. ಪೂರ್ತಿ ಬರುವುದಿಲ್ಲ, ಉಳಿದದ್ದು ಯುನಿಟ್ ದರದಲ್ಲೇ ಸೇರಿರುತ್ತದೆ. ನಿಗದಿತ ಶುಲ್ಕವನ್ನು ಮೆಲ್ಲಗೆ ಏರಿಸುತ್ತಾ ಹೋಗುತ್ತಿರುವುದು ಅದಕ್ಕೇ.

ಗಂಗಾವತಿ_ಅಕ್ಕ

ನಾನು ಹೊರದೇಶದಿಂದ ಬಿಲ್ ಕಟ್ಟುವ ದಾರಿ ಹೇಳುತ್ತೇನೆ. ನನ್ನ ತಮ್ಮ ದುಬೈನಲ್ಲಿದ್ದಾನೆ. ಅಪ್ಪನ ಮನೆ ಬಿಲ್ಲನ್ನು ಖಾತೆ ಸಂಖ್ಯೆ ಹಾಕಿ ಫೋನಿನಲ್ಲೇ ಕಟ್ಟುತ್ತಾನೆ. ನಿಮ್ಮ ಗೆಳೆಯನೂ ಹಾಗೆ ಮಾಡಲಿ, ಅಪ್ಪಾಜಿಯವರು ಕೌಂಟರಿಗೆ ಅಲೆಯುವುದು ತಪ್ಪುತ್ತದೆ.

ನಮ್ಮ ಮನೆಯದೂ ಒಂದು ಸಮಸ್ಯೆ ಇದೆ. ಮೇಲ್ಮನೆ ಬಾಡಿಗೆಗೆ ಕೊಟ್ಟಿದ್ದೇವೆ, ಮೀಟರ್ ಒಂದೇ. ನಾವು 120, ಅವರು 100 ಸುಟ್ಟರೂ 200 ದಾಟುತ್ತದೆ. ಫ್ರೀ ಕರೆಂಟ್ ಯಾರಿಗೂ ಸಿಗುತ್ತಿಲ್ಲ. ಬಾಡಿಗೆಯವರು ನಮ್ಮನ್ನೇ ಬೈಯುತ್ತಾರೆ.

ಬಳ್ಳಾರಿ_ಬಸವ

ಅಕ್ಕಾರೆ, ಕಟ್ಟುವುದು ಅವನಿಗೆ ತೊಂದರೆ ಇಲ್ಲ, ಅಲ್ಲಿಂದಲೇ ಕಟ್ಟುತ್ತಾನೆ. ಯಾಕೆ ಕಟ್ಟಬೇಕು ಅನ್ನುವುದನ್ನು ತಿಳಿಯಬೇಕಂತೆ. ಅಲ್ಲಿ ತಿಂಗಳಿಗೆ ಅಂದಾಜು ಕಂತು ಕಟ್ಟಿ, ವರ್ಷಕ್ಕೊಮ್ಮೆ ಪೂರ್ತಿ ಲೆಕ್ಕ ಮಾಡುತ್ತಾರಂತೆ. ಹಾಗಾಗಿ ತಿಂಗಳಿಂದ ತಿಂಗಳಿಗೆ ಸೊನ್ನೆಯಿಂದ ಎರಡು ಸಾವಿರಕ್ಕೆ ಹಾರುವುದು ಅವನಿಗೆ ವಿಚಿತ್ರ ಅನ್ನಿಸಿದೆ.

ಲೆಕ್ಕದ_ಮೇಜು

ಗಂಗಾವತಿ ಅಕ್ಕ, ಮೇಲ್ಮನೆಗೆ ಬೇರೆ ಅಡುಗೆಮನೆ, ಬೇರೆ ಬಾಗಿಲು ಇದ್ದರೆ ಬೇರೆ ಮೀಟರ್‌ಗೆ ಅರ್ಜಿ ಹಾಕಿ. ಬಾಡಿಗೆಯವರೂ ತಮ್ಮ ಹೆಸರಿನಲ್ಲಿ ಗೃಹಜ್ಯೋತಿ ಮಾಡಿಸಿಕೊಳ್ಳಬಹುದು. ಆದರೆ ಒಂದು ಮಾತು ಗಮನದಲ್ಲಿರಲಿ. ಹೊಸ ಮೀಟರಿಗೆ ಹಳೆಯ ಬಳಕೆಯ ದಾಖಲೆ ಇರುವುದಿಲ್ಲ. ಅಂಥವರಿಗೆ ರಾಜ್ಯದ ಸರಾಸರಿ 53 ಯುನಿಟ್, ಅದರ ಮೇಲೆ ಹತ್ತು ಶೇಕಡಾ ಸೇರಿಸಿ 58 ಯುನಿಟ್ ಮಾತ್ರ ಉಚಿತ ಅಂತ ಮಾಡಿದ್ದಾರೆ. 100 ಸುಟ್ಟರೆ ಉಳಿದ 42ಕ್ಕೆ ಅವರು ಕಟ್ಟಬೇಕಾಗುತ್ತದೆ.

ಸಿಂಧನೂರು_ಮಾಸ್ತರ್

ಒಂದು ನಿಮಿಷ. 200 ಯುನಿಟ್‌ವರೆಗೆ ಎಲ್ಲರಿಗೂ ಉಚಿತ ಅಲ್ವಾ? 58 ಎಲ್ಲಿಂದ ಬಂತು?

ಲೆಕ್ಕದ_ಮೇಜು

ಮಾಸ್ತರ್, ಬಹಳ ಜನ ಹಾಗೇ ತಿಳಿದಿದ್ದಾರೆ. 200 ಅನ್ನುವುದು ಮೇಲಿನ ಗಡಿ. ಒಳಗೆ ಪ್ರತಿ ಮನೆಗೂ ಅದರದೇ ಮಿತಿ ಇದೆ. 2022-23ರಲ್ಲಿ ಆ ಮೀಟರಿನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಖರ್ಚಾಗಿತ್ತೋ ಅದರ ಮೇಲೆ ಹತ್ತು ಶೇಕಡಾ. ಬಳಕೆ ತೀರಾ ಕಡಿಮೆ ಇದ್ದವರಿಗೆ 2024ರ ಆರಂಭದಲ್ಲಿ ಅದನ್ನು ಹತ್ತು ಶೇಕಡಾ ಬದಲು ಹತ್ತು ಯುನಿಟ್ ಅಂತ ಮಾಡಿದರು. ಬಸವ ಅವರೇ, ಫೋಟೊದಲ್ಲಿ ನಿಮ್ಮ ಕಾಕಾರ ಅರ್ಹ ಯುನಿಟ್ ಎಷ್ಟು ಅಂತ ಕಾಣುತ್ತಿದೆಯೇ? ಹಾಗೆಯೇ ಎರಡು ರೀಡಿಂಗಿನ ತಾರೀಖುಗಳನ್ನೂ ಹೇಳಿ. ಯುನಿಟ್‌ಗಿಂತ ಮೊದಲು ನಾನು ನೋಡುವುದು ತಾರೀಖನ್ನು.

ಬಳ್ಳಾರಿ_ಬಸವ

ಈ ಬಿಲ್ಲಿನಲ್ಲಿ ಕಾಣುತ್ತಿಲ್ಲ. ಮಾರ್ಚ್ ತಿಂಗಳ ಬಿಲ್ ಕಾಕಾ ಇಟ್ಟುಕೊಂಡಿದ್ದರು, ಅದರಲ್ಲಿ 165 ಅಂತ ಇದೆ. ತಾರೀಖು: ಹಿಂದಿನ ರೀಡಿಂಗ್ ಮೇ 3, ಈಗಿನದು ಜೂನ್ 6.

ಲೆಕ್ಕದ_ಮೇಜು

ಹಾಗಾದರೆ ನಿಮ್ಮ ಪತ್ರದಲ್ಲಿ ಇನ್ನೊಂದು ಪ್ಯಾರಾ ಬೇಕು. ಮುಖ್ಯ ವಿಷಯ ಅಲ್ಲೇ ಇದೆ.

ಮೇ 3ರಿಂದ ಜೂನ್ 6 ಅಂದರೆ 34 ದಿನ. 214 ಯುನಿಟ್ ಖರ್ಚಾದದ್ದು 34 ದಿನಕ್ಕೆ. ಭಾಗಿಸಿ ನೋಡಿ, ದಿನಕ್ಕೆ ಸುಮಾರು 6.3 ಯುನಿಟ್. ಅದೇ ವೇಗದಲ್ಲಿ 30 ದಿನಕ್ಕೆ 189 ಯುನಿಟ್ ಆಗುತ್ತದೆ. ರೀಡಿಂಗಿಗೆ ಜೂನ್ 2ಕ್ಕೋ 3ಕ್ಕೋ ಬಂದಿದ್ದರೆ ಮನೆ 200ರ ಒಳಗೇ ಇರುತ್ತಿತ್ತು.

ಆಗ ಏನಾಗುತ್ತಿತ್ತು ಅಂತ ಲೆಕ್ಕ ಹಾಕೋಣ. 189ರಲ್ಲಿ 165 ಉಚಿತ. ಹೆಚ್ಚಾದದ್ದು 24 ಯುನಿಟ್. 5.80ರಂತೆ 139 ರೂಪಾಯಿ 20 ಪೈಸೆ, ಅದರ ಮೇಲೆ ಒಂದಿಷ್ಟು ತೆರಿಗೆ ಮತ್ತು ಸರ್ಚಾರ್ಜ್. ಎಲ್ಲಿ 139, ಎಲ್ಲಿ 1,906! ದರದ ಸ್ಲ್ಯಾಬ್ ಹೋಗಿದೆ ಅಂತ ನೀವು ಬರೆದದ್ದು ಸರಿ. ಆದರೆ 200ರ ಹತ್ತಿರ ಇರುವ ಮನೆಗಳಿಗೆ ಹಳೆಯ 100ರ ಗಡಿಗಿಂತ ದೊಡ್ಡ ಕಂದಕ ಈಗ ಇಲ್ಲಿದೆ. ನಾಲ್ಕು ದಿನದ ತಡ ಆ ಮನೆಯನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಿಬಿಟ್ಟಿದೆ.

ಹೊಸಪೇಟೆ_ಹುಲಿಗೆಪ್ಪ

ನಾನು ಆಗಲೇ ಹೇಳಿದೆನಲ್ಲ, ಆಫೀಸಿಗೆ ಹೋಗಿ ಕೇಳಬೇಕು ಅಂತ. ಕಾರಣ ಬೇರೆ ಇರಬಹುದು, ಕೇಳಲು ಕಾರಣ ಇದ್ದೇ ಇದೆ.

ಶಕ್ತಿನಗರ_ರಾಯಚೂರು

ಇದು ನನಗೂ ಆಗಿದೆ. ಹೋದ ವರ್ಷ ಬೇಸಿಗೆಯಲ್ಲಿ 36 ದಿನಕ್ಕೆ ರೀಡಿಂಗ್ ಬಂತು, 207 ಯುನಿಟ್. ಎರಡು ಬಿಲ್ಲಿನ ಜೆರಾಕ್ಸ್ ಇಟ್ಟು ಅರ್ಜಿ ಕೊಟ್ಟೆ. ದಿನದ ಲೆಕ್ಕಕ್ಕೆ ಇಳಿಸಿ ಬಿಲ್ ಸರಿ ಮಾಡಿಕೊಟ್ಟರು. ಮುಂದಿನ ತಿಂಗಳ ಬಿಲ್ಲಿನಲ್ಲಿ ಜಮೆ ಆಯಿತು.

ಕುಷ್ಟಗಿ_ಶರಣು

ನಮ್ಮಲ್ಲಿ ಆಗಲಿಲ್ಲ ಅಣ್ಣ. 33 ದಿನ, 203 ಯುನಿಟ್. ಮೀಟರ್ ತೋರಿಸಿದ್ದೇ ಲೆಕ್ಕ ಅಂದು ವಾಪಸ್ ಕಳಿಸಿದರು. ಅರ್ಜಿಯನ್ನೂ ತಗೊಳ್ಳಲಿಲ್ಲ. ನಮ್ಮವ್ವ ಎರಡು ಸಲ ಬಸ್ಸಿನಲ್ಲಿ ಹೋಗಿ ಬಂದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಲೆಕ್ಕದ_ಮೇಜು

ಶರಣು, ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನಲ್ಲೇ ಕಳಿಸುತ್ತಾರೆ. ಅರ್ಜಿ ಬರೆದು ಎರಡು ಪ್ರತಿ ಮಾಡಿ. ಒಂದಕ್ಕೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. ಕೊಡಬೇಕಾದದ್ದು ಉಪವಿಭಾಗದ ಎಂಜಿನಿಯರ್ ಆಗಿರುವ ಎಇಇ ಅವರಿಗೆ, ಕೌಂಟರಿನಲ್ಲಿ ದುಡ್ಡು ತಗೊಳ್ಳುವವರಿಗೆ ಅಲ್ಲ. ಅರ್ಜಿಯಲ್ಲಿ ಕತೆ ಬೇಡ. ಖಾತೆ ಸಂಖ್ಯೆ, ಎರಡು ತಾರೀಖು, ಎಷ್ಟು ದಿನ, ದಿನಕ್ಕೆ ಎಷ್ಟು ಯುನಿಟ್, 30 ದಿನಕ್ಕೆ ಎಷ್ಟಾಗುತ್ತದೆ, ಇಷ್ಟು ಸಾಕು. ಸೀಲು ಹಾಕಲು ಒಪ್ಪದಿದ್ದರೆ 1912ಕ್ಕೆ ಫೋನ್ ಮಾಡಿ ದೂರು ಬರೆಸಿ ಅದರ ಸಂಖ್ಯೆ ಇಟ್ಟುಕೊಳ್ಳಿ. ಹಾಗೆ ಕೊಟ್ಟರೆ ಎಲ್ಲರಿಗೂ ಸರಿ ಮಾಡಿಕೊಡುತ್ತಾರೆ ಅಂತ ನಾನು ಭರವಸೆ ಕೊಡುವುದಿಲ್ಲ. ಈಗಷ್ಟೇ ನೋಡಿದಿರಲ್ಲ, ಒಬ್ಬರಿಗೆ ಆಗಿದೆ, ಇನ್ನೊಬ್ಬರಿಗೆ ಆಗಿಲ್ಲ. ಆದರೆ ಬರವಣಿಗೆಯಲ್ಲಿ ಕೊಟ್ಟದ್ದಕ್ಕೆ ಅವರೂ ಬರವಣಿಗೆಯಲ್ಲಿ ಕಾರಣ ಹೇಳಬೇಕಾಗುತ್ತದೆ.

ಸಿಂಧನೂರು_ಮಾಸ್ತರ್

ನನಗೆ ಒಂದು ಅನುಮಾನ. 34 ದಿನಕ್ಕೆ ಬಿಲ್ ಮಾಡಿದರೆ ಮುಂದಿನ ತಿಂಗಳು 26 ದಿನಕ್ಕೆ ಆಗುತ್ತದಲ್ಲ? ಆಗ ಕಡಿಮೆ ಯುನಿಟ್ ಬಂದು ಸರಿಹೋಗುವುದಿಲ್ಲವೇ?

ಬಳ್ಳಾರಿ_ಬಸವ

ಮಾಸ್ತರ್, ಒಂದೇ ದರ ಇರುವಾಗ ಯುನಿಟ್ ದುಡ್ಡು ಸರಿಹೋಗುತ್ತದೆ. ಉಚಿತದ ಲೆಕ್ಕ ಸರಿಹೋಗುವುದಿಲ್ಲ. ಮುಂದಿನ ತಿಂಗಳು 26 ದಿನಕ್ಕೆ 110 ಯುನಿಟ್ ಬಂದರೆ ಸೊನ್ನೆ ಬಿಲ್ ಬರುತ್ತದೆ, 150 ಬಂದರೂ ಸೊನ್ನೆಯೇ. ಆ ಉಳಿದ ಉಚಿತ ಯುನಿಟ್ ಹಿಂದಿನ ತಿಂಗಳಿಗೆ ಹೋಗಿ ಸೇರಿಕೊಳ್ಳುವುದಿಲ್ಲ. ಈ ತಿಂಗಳು ಕಳೆದದ್ದು ಕಳೆದ ಹಾಗೇ.

ಗಂಗಾವತಿ_ಅಕ್ಕ

ಅಪ್ಪಾಜಿಯವರು ಲೋಡನ್ನು 3ರಿಂದ 2ಕ್ಕೆ ಇಳಿಸಿಕೊಂಡರೆ ಆಗುವುದಿಲ್ಲವೇ? ತಿಂಗಳಿಗೆ 145 ಉಳಿಯುತ್ತದೆ.

ಲೆಕ್ಕದ_ಮೇಜು

ಅದಕ್ಕೆ ಮೊದಲು ಬಿಲ್ಲಿನಲ್ಲಿ 'ದಾಖಲಾದ ಬೇಡಿಕೆ' ಅಂತ ಒಂದು ಅಂಕಿ ಇರುತ್ತದೆ, ಅದನ್ನು ನೋಡಬೇಕು. ಆ ತಿಂಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಭಾರ ಬಿದ್ದ ಹೊತ್ತಿನಲ್ಲಿ ಎಷ್ಟು ಕಿಲೋವ್ಯಾಟ್ ಎಳೆದಿದ್ದೀರಿ ಅನ್ನುವುದನ್ನು ಮೀಟರ್ ತಾನೇ ಬರೆದಿಟ್ಟುಕೊಳ್ಳುತ್ತದೆ.

ಬಳ್ಳಾರಿ_ಬಸವ

ಅದು ಕಾಣುತ್ತಿದೆ, 2.4 ಇದೆ. ಮಾರ್ಚ್ ಬಿಲ್ಲಿನಲ್ಲಿ 1.3.

ಲೆಕ್ಕದ_ಮೇಜು

ಹಾಗಿದ್ದರೆ ಇಳಿಸುವುದು ಬೇಡ. ಮಾರ್ಚ್‌ನಲ್ಲಿ 2 ಕಿಲೋವ್ಯಾಟ್ ಸಾಕಾಗುತ್ತಿತ್ತು. ಈಗ ಎಸಿ ಬಂದಿದೆ. ಎಸಿ ಓಡುವಾಗ ನೀರಿನ ಮೋಟರನ್ನೋ ಇಸ್ತ್ರಿ ಪೆಟ್ಟಿಗೆಯನ್ನೋ ಹಾಕಿದರೆ 2 ದಾಟುತ್ತದೆ, ಅದೇ ಆಗಿರುವುದು. ಮಂಜೂರಾದದ್ದಕ್ಕಿಂತ ಜಾಸ್ತಿ ಎಳೆಯುತ್ತಿದ್ದರೆ ಅವರೇ ಲೋಡ್ ಏರಿಸಿಕೊಳ್ಳಿ ಅನ್ನುತ್ತಾರೆ, ಅದಕ್ಕೆ ಮತ್ತೆ ಠೇವಣಿ ಕಟ್ಟಬೇಕು. ಇನ್ನೊಂದು, 200ರ ಒಳಗಿದ್ದು ಸೊನ್ನೆ ಬಿಲ್ ಬರುವ ತಿಂಗಳುಗಳಲ್ಲಿ ನಿಗದಿತ ಶುಲ್ಕ ಅವರ ಜೇಬಿನಿಂದ ಹೋಗುವುದೇ ಇಲ್ಲ. ವರ್ಷದಲ್ಲಿ ಒಂದೆರಡು ತಿಂಗಳು 145 ಉಳಿಸಲು ಇಷ್ಟು ಓಡಾಡಬೇಕಾಗಿಲ್ಲ. ಬೀಗ ಹಾಕಿದ ಮನೆ, ಲೋಡ್ ಜಾಸ್ತಿ ಬರೆಸಿದ್ದು, ಗೃಹಜ್ಯೋತಿಯೂ ಇಲ್ಲ ಅನ್ನುವವರು ಖಂಡಿತ ಇಳಿಸಿಕೊಳ್ಳಲಿ.

ಈಗ ನಿಮ್ಮ ಮಡಿಕೆಯ 41 ರೂಪಾಯಿ. ಅದು ಇಂಧನ ಹೊಂದಾಣಿಕೆ ಶುಲ್ಕ ಇರಬೇಕು. ಬಿಲ್ಲಿನಲ್ಲಿ ಎಫ್‌ಪಿಪಿಸಿಎ ಅಂತ ಇರುತ್ತದೆ. ಕಲ್ಲಿದ್ದಲು, ಕರೆಂಟ್ ಖರೀದಿ ಖರ್ಚು ಅಂದಾಜಿಗಿಂತ ಏರಿದರೆ ಯುನಿಟ್‌ಗೆ ಇಷ್ಟು ಪೈಸೆ ಅಂತ ಸೇರಿಸುತ್ತಾರೆ, ಇಳಿದರೆ ಕಳೆಯುತ್ತಾರೆ. ತಿಂಗಳಿಂದ ತಿಂಗಳಿಗೆ ಬೇರೆ ಇರುತ್ತದೆ. 41ನ್ನು 214ರಿಂದ ಭಾಗಿಸಿದರೆ 19 ಪೈಸೆಯ ಹತ್ತಿರ ಬರುತ್ತದೆ. 19 ಪೈಸೆಯಂತೆ 40 ರೂಪಾಯಿ 66 ಪೈಸೆ, ಕೊನೆಗೆ ರೂಪಾಯಿಗೆ ಸರಿ ಮಾಡಿದರೆ ನಿಮ್ಮ 1,906 ಕೂತುಕೊಳ್ಳುತ್ತದೆ.

ಕುಷ್ಟಗಿ_ಶರಣು

ಬಾಕಿಯ ಬಡ್ಡಿ ಯಾಕಾಗಿರಬಾರದು? ನಮಗೆ ಒಮ್ಮೆ ಹಾಗೆ ಬಂದಿತ್ತು.

ಬಳ್ಳಾರಿ_ಬಸವ

ಬಡ್ಡಿ ತಿಂಗಳಿಗೆ ಒಂದು ಶೇಕಡಾ. 41 ರೂಪಾಯಿ ಬಡ್ಡಿ ಬರಬೇಕಾದರೆ ನಾಲ್ಕು ಸಾವಿರ ಬಾಕಿ ಇರಬೇಕು. ಕಾಕಾ ಒಂದು ದಿನ ತಡ ಮಾಡುವವರಲ್ಲ, ಬಾಕಿ ಇಲ್ಲ. ಆದರೆ ಹಿಂದಿನ ತಿಂಗಳು 165ರ ಮೇಲೆ ನಾಲ್ಕಾರು ಯುನಿಟ್ ಹೆಚ್ಚಾಗಿ, ಆ ಸಣ್ಣ ದುಡ್ಡು ಕಟ್ಟದೇ ಉಳಿದಿರಬಹುದು ಅಂತ ನನಗೆ ಒಂದು ಅನುಮಾನ. ಆರೇಳು ಯುನಿಟ್‌ಗೆ ಅಷ್ಟೇ ಆಗುತ್ತದೆ. ಕಾಗದ ಬಿಚ್ಚಿ ಇನ್ನೊಂದು ಫೋಟೊ ಕಳಿಸಲು ಹೇಳಿದ್ದೇನೆ.

ಲೆಕ್ಕದ_ಮೇಜು

ಬೇಗ ತೆಗೆಸಿ. ಬಿಲ್ ಅಚ್ಚಾಗುವ ಆ ತೆಳು ಕಾಗದದ ಅಕ್ಷರ ಬಿಸಿಲಿಗೆ, ಬೆವರಿಗೆ ಮಾಸಿಹೋಗುತ್ತದೆ. ಅರ್ಜಿಗೆ ಲಗತ್ತಿಸುವಾಗ ಜೆರಾಕ್ಸ್ ಕೊಡಿ, ಮೂಲ ನಿಮ್ಮ ಹತ್ತಿರ ಇರಲಿ.

ಬಳ್ಳಾರಿ_ಬಸವ

ಆಗಲಿ ಸರ್. ಪತ್ರಕ್ಕೆ ಇದನ್ನು ಸೇರಿಸಿದೆ:

*ಇನ್ನೊಂದು ಮಾತು, ವೀರೇಶ. ಈ 214 ಯುನಿಟ್ ಒಂದು ತಿಂಗಳದ್ದಲ್ಲ, 34 ದಿನದ್ದು. 30 ದಿನಕ್ಕೆ ಲೆಕ್ಕ ಹಾಕಿದರೆ 189 ಆಗುತ್ತದೆ, 200ರ ಒಳಗೆ. ಬಿಲ್ ಕೊನೇ ದಿನದ ಒಳಗೆ ಕಟ್ಟಿಬಿಡು, ಕಟ್ಟಿದ ಮೇಲೂ ಕೇಳಬಹುದು. ಅರ್ಜಿಯನ್ನು ನಾನೇ ಬರೆದು ಕಾಕಾರ ಸಹಿ ಹಾಕಿಸಿ ಎಇಇ ಕಚೇರಿಗೆ ಕೊಡುತ್ತೇನೆ, ಸೀಲು ಹಾಕಿದ ಪ್ರತಿಯ ಫೋಟೊ ನಿನಗೆ ಬರುತ್ತದೆ. ಒಪ್ಪುತ್ತಾರೋ ಇಲ್ಲವೋ ಈಗಲೇ ಹೇಳಲಾಗದು. ಮುಂದಿನ ಬೇಸಿಗೆಗೆ ಕಾಕಾರಿಗೆ ಒಂದು ಕೆಲಸ ಹೇಳಿದ್ದೇನೆ. ರೀಡಿಂಗ್ ಆದ ದಿನದ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆಯುವುದು, ಇಪ್ಪತ್ತನೇ ದಿನ ಮೀಟರ್ ನೋಡಿ ಕಳೆಯುವುದು. ಆಗ 130 ದಾಟಿದ್ದರೆ ರಾತ್ರಿ ಎಸಿಯನ್ನು ಒಂದೆರಡು ತಾಸು ಓಡಿಸಿ, ಆಮೇಲೆ ಫ್ಯಾನ್ ಸಾಕು. ಮೂವತ್ತನೇ ದಿನ ರೀಡಿಂಗಿಗೆ ಯಾರೂ ಬರದಿದ್ದರೆ ತಾರೀಖು ಕಾಣುವ ಹಾಗೆ ಮೀಟರಿನ ಫೋಟೊ ತೆಗೆದಿಡುತ್ತಾರೆ.*

ಶಕ್ತಿನಗರ_ರಾಯಚೂರು

ಆ ಫೋಟೊವನ್ನು ಮಾತ್ರ ಬಿಡಬೇಡಿ. ನನ್ನ ಅರ್ಜಿ ನಡೆದದ್ದು ಅದರಿಂದಲೇ. 30ನೇ ದಿನಕ್ಕೆ ಮೀಟರಿನಲ್ಲಿ ಎಷ್ಟಿತ್ತು ಅಂತ ಅವರು ಕೇಳಿದಾಗ ತೋರಿಸಲು ಏನೋ ಒಂದು ಇತ್ತು.

ಕುಷ್ಟಗಿ_ಶರಣು

ನಮ್ಮ ಹತ್ತಿರ ಅದು ಇರಲಿಲ್ಲ. ಬಸವಣ್ಣ, ಆಫೀಸಿನವರು ಏನು ಅಂದರು ಅಂತ ಇಲ್ಲಿ ಬರೆಯಿರಿ. ಒಪ್ಪಿದರೆ ನಮ್ಮವ್ವನ ಹಳೆಯ ಬಿಲ್ ಹಿಡಿದು ನಾನೂ ಮತ್ತೆ ಹೋಗುತ್ತೇನೆ.